ಕ್ಲೋಜ್ ಟೆಸ್ಟ್: ಖಾಲಿ ಜಾಗದ ಎಡಗಡೆ ನೋಡಿ

ಪ್ರಶ್ನೆ: ಮೇಡಂ, ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದ್ತಾ ಇದೀನಿ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಕ್ಲೋಜ್ ಟೆಸ್ಟಲ್ಲಿ ಬೇರೆ ಪದಗಳು ಹೇಗೋ ಹೊಂದುತ್ತವೆ. ಆದರೆ ಆಫ್, ಫ್ರಂ, ವಿತ್, ಆಲ್ದೋ, ಡಿಸ್ಪೈಟ್ ಬಂದ್ರೆ ಐದೂ ಆಪ್ಷನ್ ಸರಿ ಅನ್ಸುತ್ತೆ. ಪ್ರೆಪೊಸಿಷನ್ ರೂಲ್ಸ್ ಪೂರ್ತಿ ಬಾಯಿಪಾಠ ಮಾಡಿದೀನಿ. ಆದರೂ ಯಾಕೆ ತಪ್ಪಾಗುತ್ತೆ?

ಉತ್ತರ: ನೀವು ಖಾಲಿ ಜಾಗದ ಬಲಗಡೆ ನೋಡುತ್ತಿದ್ದೀರಿ ಅನ್ನಿಸುತ್ತದೆ. ಪ್ರೆಪೊಸಿಷನ್ ವಿಷಯದಲ್ಲಿ ಉತ್ತರ ಬಹಳ ಸಲ ಎಡಗಡೆ ಇರುತ್ತದೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಪಾಠ ಮಾಡುವಾಗ ನಾನು ಮತ್ತೆ ಮತ್ತೆ ನೋಡುವ ತಪ್ಪು ಇದೇ. ಇದಕ್ಕೆ ಒಂದು ಕಾರಣವೂ ಇದೆ.

ಕನ್ನಡದಲ್ಲಿ ವಿಭಕ್ತಿ ಅಂಟಿಕೊಳ್ಳುವುದು ನಾಮಪದಕ್ಕೆ. ಲಾರಿಗೆ, ಮನೆಯಲ್ಲಿ, ಮಳೆಯಿಂದ. ಹಾಗಾಗಿ ಇಂಗ್ಲಿಷಲ್ಲಿ ಖಾಲಿ ಜಾಗ ಕಂಡ ತಕ್ಷಣ ನಮ್ಮ ಕಣ್ಣು ಮುಂದಿನ ನಾಮಪದಕ್ಕೆ ಓಡುತ್ತದೆ. ‘ಲಾರಿಗೆ ಕಾಯುವುದು’ ಅಂದರೆ ‘ಗೆ’ ಇದೆ, ‘ಗೆ’ ಅಂದರೆ ‘ಟು’, ಆದ್ದರಿಂದ ‘ವೇಟ್ ಟು ದ ಲಾರಿ’ ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಬೇಕಾಗಿರುವುದು ‘ಫಾರ್’. ಅದನ್ನು ಕೇಳುತ್ತಿರುವುದು ಲಾರಿ ಅಲ್ಲ, ‘ವೇಟ್’.

ಇದು ನಮಗೆ ಹೊಸದೇನೂ ಅಲ್ಲ. ‘ಹಾವಿಗೆ ಹೆದರುತ್ತೇನೆ’ ಅನ್ನುತ್ತೀರಿ. ‘ಹಾವನ್ನು ಹೆದರುತ್ತೇನೆ’ ಅಂತ ಯಾರಾದರೂ ಅಂದರೆ ಕಿವಿಗೆ ಚುಚ್ಚುತ್ತದೆ. ‘ದೇವರನ್ನು ನಂಬುತ್ತೇನೆ’ ಅನ್ನುತ್ತೀರಿ, ‘ದೇವರಿಗೆ ನಂಬುತ್ತೇನೆ’ ಅನ್ನುವುದಿಲ್ಲ. ಇಲ್ಲಿ ‘ಗೆ’ ಬರಬೇಕೋ ‘ಅನ್ನು’ ಬರಬೇಕೋ ಅಂತ ತೀರ್ಮಾನಿಸಿದ್ದು ಹಾವೂ ಅಲ್ಲ, ದೇವರೂ ಅಲ್ಲ. ‘ಹೆದರು’ ಅನ್ನುವ ಕ್ರಿಯಾಪದ ‘ಗೆ’ ಕೇಳುತ್ತದೆ, ‘ನಂಬು’ ಅನ್ನುವುದು ‘ಅನ್ನು’ ಕೇಳುತ್ತದೆ, ಅಷ್ಟೇ. ಈ ರೂಲನ್ನು ನಿಮಗೆ ಯಾರೂ ಬಾಯಿಪಾಠ ಮಾಡಿಸಿಲ್ಲ, ಅಲ್ವಾ? ಆ ಪದ ಅದರ ವಿಭಕ್ತಿಯ ಜೊತೆಗೇ ನಿಮ್ಮ ಕಿವಿಗೆ ಬಿತ್ತು, ಜೊತೆಗೇ ಉಳಿಯಿತು.

ಇಂಗ್ಲಿಷಲ್ಲೂ ಹಾಗೇ. ‘ಅಫ್ರೇಡ್’ ಅನ್ನುವ ಪದ ‘ಆಫ್’ ಕೇಳುತ್ತದೆ, ‘ಬಿಲೀವ್’ ಅನ್ನುವುದು ‘ಇನ್’ ಕೇಳುತ್ತದೆ, ‘ಡಿಪೆಂಡ್’ ಮತ್ತು ‘ಇನ್ಸಿಸ್ಟ್’ ಎರಡೂ ‘ಆನ್’ ಕೇಳುತ್ತವೆ. ನೀವು ಬಾಯಿಪಾಠ ಮಾಡಿದ ಪಟ್ಟಿ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ: ‘ಆನ್’ ಯಾವಾಗ ಬರುತ್ತದೆ, ‘ಇನ್’ ಯಾವಾಗ ಬರುತ್ತದೆ, ‘ಅಟ್’ ಯಾವಾಗ ಬರುತ್ತದೆ. ಅಂದರೆ ಪಟ್ಟಿ ಪ್ರೆಪೊಸಿಷನ್ ಹಿಡಿದು ಹೊರಡುತ್ತದೆ. ಪರೀಕ್ಷೆಯಲ್ಲಿ ನಿಮ್ಮ ಕೈಗೆ ಸಿಗುವುದು ಎಡಗಡೆಯ ಪದ, ಪ್ರೆಪೊಸಿಷನ್ ಅಲ್ಲ. ಅದಕ್ಕೇ ಪಟ್ಟಿ ಬಾಯಿಗೆ ಬಂದರೂ ಪರೀಕ್ಷೆ ಹೊತ್ತಿಗೆ ಕೈ ಕೊಡುತ್ತದೆ.

ನಾನು ಎಡಗಡೆಯ ಆ ಪದಕ್ಕೆ ಕ್ಲಾಸಲ್ಲಿ ‘ಯಜಮಾನ’ ಅನ್ನುತ್ತೇನೆ. ಖಾಲಿ ಜಾಗ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ: ಈ ಪ್ರೆಪೊಸಿಷನ್ನಿನ ಯಜಮಾನ ಯಾರು? ಕ್ರಿಯಾಪದ ಆಗಿರಬಹುದು, ‘ಪ್ರೌಡ್’, ‘ಟಯರ್ಡ್’ ಥರದ ಗುಣವಾಚಕ ಆಗಿರಬಹುದು, ನಾಮಪದವೂ ಆಗಿರಬಹುದು. ಒಂದು ಎಚ್ಚರಿಕೆ. ಒಂದೇ ಬೇರಿನ ಪದಗಳು ಒಂದೇ ಪ್ರೆಪೊಸಿಷನ್ ಕೇಳುತ್ತವೆ ಅಂತ ಅಂದುಕೊಳ್ಳಬೇಡಿ. ‘ಪ್ರೌಡ್’ ಆದಾಗ ‘ಆಫ್’, ‘ಪ್ರೈಡ್’ ಆದಾಗ ‘ಇನ್’. ‘ಫಾಂಡ್’ ಆದಾಗ ‘ಆಫ್’, ‘ಫಾಂಡ್‌ನೆಸ್’ ಆದಾಗ ‘ಫಾರ್’. ‘ಡಿಸ್ಕಸ್’ ಅನ್ನುವ ಕ್ರಿಯಾಪದಕ್ಕೆ ಏನೂ ಬೇಡ, ‘ಡಿಸ್ಕಷನ್’ ಆದರೆ ‘ಅಬೌಟ್’ ಅಥವಾ ‘ಆನ್’ ಬರುತ್ತದೆ. ಹಾಗಾಗಿ ಯಜಮಾನನನ್ನು ಗುರುತಿಸುವಾಗ ಅವನು ಯಾವ ರೂಪದಲ್ಲಿದ್ದಾನೆ ಅಂತಲೂ ನೋಡಬೇಕು.

ಪ್ರಶ್ನೆ ತೆಗೆಯುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಯಜಮಾನನನ್ನು ಖಾಲಿ ಜಾಗದಿಂದ ದೂರ ಇಡುತ್ತಾರೆ. ಈ ಎರಡು ವಾಕ್ಯ ನೋಡಿ:

```
They insisted, after many meetings and much delay,
____ a written receipt.

The rule ____ which the members objected was dropped.
```

ಮೊದಲನೆಯದರಲ್ಲಿ ಖಾಲಿ ಜಾಗದ ಪಕ್ಕ ಇರುವುದು ‘ಡಿಲೇ’. ಅದನ್ನು ನೋಡಿ ‘ಡಿಲೇ ಇನ್’, ‘ಡಿಲೇ ಆಫ್’ ಅಂತ ಯೋಚಿಸಿದರೆ ದಾರಿ ತಪ್ಪುತ್ತೀರಿ. ಎರಡು ಕಾಮಾಗಳ ನಡುವೆ ಇರುವುದನ್ನು ಬೆರಳಿಂದ ಮುಚ್ಚಿ ಓದಿ. ಪರೀಕ್ಷೆ ಕಂಪ್ಯೂಟರ್ ಪರದೆ ಮೇಲೆ ನಡೆಯುವುದರಿಂದ ಮನಸ್ಸಲ್ಲೇ ಮುಚ್ಚಬೇಕು. ‘ಇನ್ಸಿಸ್ಟೆಡ್’ ನೇರವಾಗಿ ಖಾಲಿ ಜಾಗಕ್ಕೆ ಬಂದು ತಾಗುತ್ತದೆ. ಉತ್ತರ ‘ಆನ್’.

ಎರಡನೆಯದು ಇನ್ನೂ ಚಾಲಾಕಿನದು. ಖಾಲಿ ಜಾಗದ ನಂತರ ‘ವಿಚ್’ ಇದೆ. ‘ವಿಚ್’ ಅಥವಾ ‘ಹೂಮ್’ ಕಂಡರೆ ಯಜಮಾನ ಎಡಗಡೆಯಿಂದ ಎದ್ದು ಬಲಗಡೆಗೆ ಹೋಗಿರುತ್ತಾನೆ. ಇಲ್ಲಿ ಯಜಮಾನ ‘ರೂಲ್’ ಅಲ್ಲ, ಮುಂದೆ ಬರುವ ‘ಆಬ್ಜೆಕ್ಟೆಡ್’. ವಾಕ್ಯವನ್ನು ಬಿಚ್ಚಿ ನೇರ ಮಾಡಿ: ಸದಸ್ಯರು ಆ ರೂಲಿಗೆ ಆಕ್ಷೇಪ ಎತ್ತಿದರು. ‘ಆಬ್ಜೆಕ್ಟ್’ ಕೇಳುವುದು ‘ಟು’. ಹಾಗಾಗಿ ‘ಟು ವಿಚ್’. ಈ ಒಂದು ತಿರುವು ಗೊತ್ತಿದ್ದರೆ ‘ಆನ್ ಹೂಮ್’, ‘ಫಾರ್ ವಿಚ್’ ಥರದ ಪ್ರಶ್ನೆಗಳೆಲ್ಲ ಸುಲಭ ಆಗುತ್ತವೆ.

ಯಜಮಾನ ಸಿಗದಿದ್ದರೆ ಆಗ ಬಲಗಡೆ ನೋಡಿ. ಕೆಲವು ಪ್ರೆಪೊಸಿಷನ್ ಮುಂದಿನ ಪದದ ಜೊತೆ ಸೇರಿ ಗಟ್ಟಿಯಾಗಿಬಿಟ್ಟಿರುತ್ತವೆ: ‘ಅಟ್ ನೈಟ್’, ‘ಇನ್ ದ ಮಾರ್ನಿಂಗ್’, ‘ಆನ್ ಟೈಮ್’, ‘ಬೈ ಮಿಸ್ಟೇಕ್’. ಇಲ್ಲಿ ರಾತ್ರಿಗೆ ‘ಅಟ್’, ಬೆಳಿಗ್ಗೆಗೆ ‘ಇನ್’ ಯಾಕೆ ಅಂತ ಕೇಳಿ ಪ್ರಯೋಜನ ಇಲ್ಲ. ಇಡೀ ಗುಂಪನ್ನು ಒಂದೇ ಪದ ಅಂತ ಇಟ್ಟುಕೊಳ್ಳಬೇಕು. ಎಡವೂ ಅಲ್ಲ ಬಲವೂ ಅಲ್ಲ ಅನ್ನುವಾಗ ಮಾತ್ರ ಅರ್ಥ ನೋಡಿ ಆರಿಸುವುದು. ನೀವು ಬಹುಶಃ ಈ ಮೂರನೆಯದರಿಂದಲೇ ಶುರು ಮಾಡುತ್ತಿದ್ದೀರಿ. ಅರ್ಥದಿಂದ ಶುರು ಮಾಡಿದರೆ ನಮ್ಮ ತಲೆ ಕನ್ನಡ ವಿಭಕ್ತಿಗೆ ಹೋಗುತ್ತದೆ. ಅಲ್ಲಿ ಒಂದು ‘ಇಂದ’ ಇಂಗ್ಲಿಷಿನ ಐದಾರು ಪದಗಳಿಗೆ ಬಾಗಿಲು ತೆರೆಯುತ್ತದೆ. ‘ಹುಬ್ಬಳ್ಳಿಯಿಂದ ಬಂದ’ ಅಂದರೆ ‘ಫ್ರಂ’. ‘ಚಾಕುವಿನಿಂದ ಕೊಯ್ದ’ ಅಂದರೆ ‘ವಿತ್’. ‘ಸಂಘದಿಂದ ನಡೆಯುತ್ತದೆ’ ಅಂದರೆ ‘ಬೈ’. ‘ಮಳೆಯಿಂದ ಬೆಳೆ ಹೋಯಿತು’ ಅಂದರೆ ‘ಬಿಕಾಸ್ ಆಫ್’. ‘2019ರಿಂದ ಇದ್ದಾನೆ’ ಅಂದರೆ ‘ಸಿನ್ಸ್’. ‘ಮೂರು ವರ್ಷದಿಂದ ಇದ್ದಾನೆ’ ಅಂದರೆ ‘ಫಾರ್’. ಐದೂ ಆಪ್ಷನ್ ಸರಿ ಅನ್ಸುತ್ತೆ ಅಂತ ಬರೆದಿದ್ದೀರಲ್ಲ, ಕನ್ನಡಕ್ಕೆ ತಿರುಗಿಸಿ ನೋಡಿದರೆ ನಿಜವಾಗಿಯೂ ಐದೂ ‘ಇಂದ’ವೇ.

ಕೊನೆಯ ಎರಡರ ಬಗ್ಗೆ ಒಂದು ಮಾತು. ‘ಸಿನ್ಸ್’ ನಂತರ ಶುರುವಾದ ಗಳಿಗೆ ಬರುತ್ತದೆ: ಇಸವಿ, ತಿಂಗಳು, ಸೋಮವಾರ. ‘ಫಾರ್’ ನಂತರ ಅಳತೆ ಬರುತ್ತದೆ: ಮೂರು ವರ್ಷ, ಎರಡು ಗಂಟೆ. ಮುಂದಿನ ಪದವನ್ನು ಕ್ಯಾಲೆಂಡರಲ್ಲಿ ಬೆರಳಿಟ್ಟು ತೋರಿಸಬಹುದಾದರೆ ‘ಸಿನ್ಸ್’, ಎಣಿಸಬೇಕಾದರೆ ‘ಫಾರ್’.

ಈಗ ಕನೆಕ್ಟರ್‌ಗಳಿಗೆ ಬರೋಣ. ಇಲ್ಲಿ ತಪ್ಪಾಗುವುದು ಬೇರೆ ಕಾರಣಕ್ಕೆ. ‘ಆಲ್ದೋ’, ‘ಡಿಸ್ಪೈಟ್’, ‘ನೆವರ್‌ದಲೆಸ್’ ಮೂರಕ್ಕೂ ನೋಟ್ಸಲ್ಲಿ ‘ಆದರೂ’ ಅಂತ ಒಂದೇ ಅರ್ಥ ಬರೆದುಕೊಂಡಿರುತ್ತೀರಿ. ಅರ್ಥ ಒಂದೇ ಆದಮೇಲೆ ಆರಿಸುವುದು ಹೇಗೆ? ಅರ್ಥದಿಂದ ಸಾಧ್ಯವೇ ಇಲ್ಲ. ಆಕಾರದಿಂದ ಆರಿಸಬೇಕು. ಖಾಲಿ ಜಾಗದ ನಂತರ ಏನು ಬರುತ್ತಿದೆ ಅನ್ನುವುದೇ ಆಕಾರ.

ಇಲ್ಲೂ ಕನ್ನಡ ನಮಗೆ ಸಹಾಯ ಮಾಡುತ್ತದೆ. ಈ ಮೂರು ಮಾತು ನೋಡಿ: ‘ಮಳೆ ಬಂದರೂ ಹೋದರು.’ ‘ಮಳೆಯ ನಡುವೆಯೂ ಹೋದರು.’ ‘ಮಳೆ ಬಂತು. ಆದರೂ ಹೋದರು.’ ಅರ್ಥ ಒಂದೇ. ಮೊದಲನೆಯದರಲ್ಲಿ ‘ಊ’ ಅಂಟಿರುವುದು ಕ್ರಿಯಾಪದಕ್ಕೆ. ಎರಡನೆಯದರಲ್ಲಿ ಕ್ರಿಯಾಪದವೇ ಇಲ್ಲ, ಬರೀ ‘ಮಳೆ’ ಅನ್ನುವ ನಾಮಪದ ಇದೆ. ಮೂರನೆಯದರಲ್ಲಿ ಮೊದಲ ವಾಕ್ಯ ಮುಗಿದು ಫುಲ್‌ಸ್ಟಾಪ್ ಬಿದ್ದಿದೆ, ‘ಆದರೂ’ ಹೊಸ ವಾಕ್ಯದ ತಲೆಯಲ್ಲಿ ಕೂತಿದೆ. ಇಂಗ್ಲಿಷಿನ ಮೂರು ಪದಗಳು ಸರಿಯಾಗಿ ಈ ಮೂರು ಮನೆಗಳಲ್ಲೇ ವಾಸ ಮಾಡುತ್ತವೆ. ‘ಬಂದರೂ’ ಅನ್ನುವುದು ‘ಆಲ್ದೋ’. ‘ನಡುವೆಯೂ’ ಅನ್ನುವುದು ‘ಡಿಸ್ಪೈಟ್’. ವಾಕ್ಯದ ತಲೆಯಲ್ಲಿ ಕೂತು ಪಕ್ಕಕ್ಕೆ ಕಾಮಾ ಹಾಕಿಕೊಳ್ಳುವ ‘ಆದರೂ’ ಅನ್ನುವುದು ‘ನೆವರ್‌ದಲೆಸ್’.

ಕಾರಣ ಹೇಳುವಾಗಲೂ ಇದೇ ಮೂರು ಮನೆ. ‘ಮಳೆ ಬಂದದ್ದರಿಂದ’ ಅಂದರೆ ‘ಬಿಕಾಸ್’. ‘ಮಳೆಯಿಂದ’ ಅಂದರೆ ‘ಬಿಕಾಸ್ ಆಫ್’ ಅಥವಾ ‘ಡ್ಯೂ ಟು’. ‘ಮಳೆ ಬಂತು. ಆದ್ದರಿಂದ’ ಅಂದರೆ ‘ದೇರ್‌ಫೋರ್’. ಸಮಯಕ್ಕೂ ಹಾಗೇ: ‘ಮಳೆ ಬರುತ್ತಿದ್ದಾಗ’ ಅಂದರೆ ‘ವೈಲ್’, ‘ಮಳೆಯ ಹೊತ್ತಲ್ಲಿ’ ಅಂದರೆ ‘ಡ್ಯೂರಿಂಗ್’. ನಿಮ್ಮ ನೋಟ್ಸಲ್ಲಿ ಅರ್ಥದ ಬದಲು ಈ ಕನ್ನಡ ರೂಪಗಳನ್ನೇ ಬರೆದುಕೊಳ್ಳಿ. ‘ಡಿಸ್ಪೈಟ್’ ಮುಂದೆ ‘ಆದರೂ’ ಅಂತ ಬರೆದಿದ್ದರೆ ಹೊಡೆದು ಹಾಕಿ, ‘ನಡುವೆಯೂ’ ಅಂತ ಬರೆಯಿರಿ.

ಕನ್ನಡ ಇಲ್ಲಿ ಕೈ ಕೊಡುವ ಜಾಗವೂ ಒಂದಿದೆ. ‘ಮಳೆ ಬಂದರೂ ಕೂಡ ಹೋದರು’ ಅಂತ ನಾವು ಒತ್ತಿ ಹೇಳುತ್ತೇವೆ. ಅದೇ ಅಭ್ಯಾಸದಲ್ಲಿ ‘ಆಲ್ದೋ’ ಅಂತ ಶುರುವಾದ ವಾಕ್ಯದ ನಡುವೆ ‘ಬಟ್’ ಸೇರಿಸಿಬಿಡುತ್ತೇವೆ. ಇಂಗ್ಲಿಷಲ್ಲಿ ಒಂದು ವಾಕ್ಯಕ್ಕೆ ಒಂದೇ ಕೊಂಡಿ ಸಾಕು. ‘ಅನ್‌ಲೆಸ್’ ಕಥೆಯೂ ಇಂಥದ್ದೇ. ‘ಓದದಿದ್ದರೆ’ ಅನ್ನುವುದರ ‘ಅದ’ ‘ಅನ್‌ಲೆಸ್’ ಹೊಟ್ಟೆಯಲ್ಲೇ ಇದೆ, ಹಾಗಾಗಿ ಪಕ್ಕದಲ್ಲಿ ಇನ್ನೊಂದು ‘ನಾಟ್’ ಕಂಡರೆ ಸಂಶಯ ಪಡಿ.

ಆಕಾರ ನೋಡಿದ ಮೇಲೂ ಎರಡು ಮೂರು ಆಪ್ಷನ್ ಉಳಿದರೆ ಆಗ ದಿಕ್ಕು ನೋಡಬೇಕು. ಮೊದಲ ಮಾತು ಕೇಳಿದವರು ಮುಂದೆ ಏನಾಗುತ್ತದೆ ಅಂತ ನಿರೀಕ್ಷೆ ಮಾಡುತ್ತಾರೆ? ಆದದ್ದು ಅದೇನಾ, ಉಲ್ಟಾನಾ? ಅದೇ ಆದರೆ ‘ಬಿಕಾಸ್’, ‘ದೇರ್‌ಫೋರ್’ ಕಡೆಗೆ. ಉಲ್ಟಾ ಆದರೆ ‘ಆಲ್ದೋ’, ‘ನೆವರ್‌ದಲೆಸ್’ ಕಡೆಗೆ. ಅದೇ ಸಾಲಿಗೆ ಇನ್ನೊಂದು ಸಂಗತಿ ಸೇರಿಸಿದ್ದರೆ ‘ಮೋರ್‌ಓವರ್’.

ಒಂದು ಪ್ಯಾಸೇಜ್ ಹಿಡಿದು ಇದನ್ನೆಲ್ಲ ಮಾಡಿ ತೋರಿಸುತ್ತೇನೆ. ಇದು ನಾನೇ ಬರೆದದ್ದು, ಕಾಳುಮೆಣಸು ಬೆಳೆಗಾರರ ಒಂದು ಸಂಘದ ಕಥೆ. ಮುಂದಕ್ಕೆ ಓದುವ ಮೊದಲು ನೀವೇ ಒಮ್ಮೆ ತುಂಬಿ ನೋಡಿ.

```
The society was started by a few pepper growers who were
tired (1)____ waiting for the trader's lorry. (2)____ the
crop was poor in the first year, it paid every member
(3)____ time, month after month. In the second year the
price fell (4)____ 40 rupees a kilo, from 640 to 600.
(5)____, no member left. (6)____ the heavy rain that
followed, 30 new families joined.

(1) from / of / with / at / for
(2) Although / Despite / Because / Unless / So
(3) on / at / by / for / in
(4) to / by / at / of / in
(5) Moreover / Although / Therefore / Nevertheless / Unless
(6) Although / Because / Despite / However / Unless
```

ಮೊದಲು ಏನೂ ತುಂಬದೆ ಪೂರ್ತಿ ಓದಿ. 30 ಸೆಕೆಂಡ್ ಸಾಕು. ಕಥೆ ಗೊತ್ತಾಗದೆ 2 ಮತ್ತು 5ನ್ನು ಮುಟ್ಟಲು ಆಗುವುದಿಲ್ಲ. ನಂತರ ಸುಲಭದ್ದನ್ನು ಮೊದಲು ತುಂಬಿ. ನಂಬರ್ ಪ್ರಕಾರ ಹೋಗಬೇಕು ಅಂತ ಏನೂ ಇಲ್ಲ.

ಒಂದನೆಯದಕ್ಕೆ ಯಜಮಾನ ಪಕ್ಕದಲ್ಲೇ ಇದ್ದಾನೆ: ‘ಟಯರ್ಡ್’. ಇಲ್ಲಿ ಒಂದು ಸೂಕ್ಷ್ಮ ಇದೆ. ‘ಟಯರ್ಡ್ ಫ್ರಂ’ ಅನ್ನುವುದೂ ಇಂಗ್ಲಿಷಲ್ಲಿ ಇದೆ. ಅದು ಮೈ ದಣಿದದ್ದು: ಓಡಿ ಓಡಿ ಸುಸ್ತಾಯಿತು. ‘ಟಯರ್ಡ್ ಆಫ್’ ಅಂದರೆ ಮನಸ್ಸು ಬೇಸತ್ತದ್ದು: ಕಾದು ಕಾದು ಸಾಕಾಯಿತು. ಬೆಳೆಗಾರರು ಸಂಘ ಕಟ್ಟಿದ್ದು ಕಾಲು ನೋವಿಗಲ್ಲ, ಬೇಸತ್ತು. ಉತ್ತರ ‘ಆಫ್’. ಯಜಮಾನ ಎರಡು ಪ್ರೆಪೊಸಿಷನ್ ಇಟ್ಟುಕೊಂಡಿದ್ದರೆ ಹೀಗೆ ಕಥೆ ತೀರ್ಮಾನ ಮಾಡುತ್ತದೆ. ಕನ್ನಡದ ‘ಕಾಯುವುದರಿಂದ ಬೇಸತ್ತು’ ಅನ್ನುವ ‘ಇಂದ’ ಹಿಡಿದು ಹೊರಟವರು ಇಲ್ಲಿ ‘ಫ್ರಂ’ ಒತ್ತುತ್ತಾರೆ.

ಮೂರನೆಯದಕ್ಕೆ ಎಡಗಡೆ ನೋಡಿದರೆ ‘ಪೇಯ್ಡ್ ಎವರಿ ಮೆಂಬರ್’. ಆ ಮಾತು ಅಲ್ಲೇ ಪೂರ್ತಿಯಾಗಿದೆ, ಏನನ್ನೂ ಕೇಳುತ್ತಿಲ್ಲ. ಬಲಗಡೆ ‘ಟೈಮ್’ ಇದೆ. ಇದು ಗಟ್ಟಿಯಾದ ಗುಂಪು. ಆದರೆ ‘ಆನ್ ಟೈಮ್’, ‘ಇನ್ ಟೈಮ್’ ಎರಡೂ ಇವೆ. ‘ಆನ್ ಟೈಮ್’ ಅಂದರೆ ನಿಗದಿಯಾದ ಹೊತ್ತಿಗೆ, ಬಸ್ ವೇಳಾಪಟ್ಟಿ ಪ್ರಕಾರ ಬಂದ ಹಾಗೆ. ‘ಇನ್ ಟೈಮ್’ ಅಂದರೆ ಇನ್ನೇನು ಕೈ ಮೀರುತ್ತದೆ ಅನ್ನುವ ಮೊದಲೇ, ಬಸ್ ಹೊರಡುವ ಮುಂಚೆ ಸ್ಟ್ಯಾಂಡ್ ಮುಟ್ಟಿದ ಹಾಗೆ. ಇಲ್ಲಿ ‘ಮಂತ್ ಆಫ್ಟರ್ ಮಂತ್’ ಅಂತ ಸೇರಿಸಿದ್ದಾರೆ. ತಿಂಗಳು ತಿಂಗಳೂ ನಿಗದಿತ ದಿನಕ್ಕೆ ಕೊಟ್ಟರು. ಉತ್ತರ ‘ಆನ್’.

ಈಗ ಆರನೆಯದು. ಇದನ್ನು ಅರ್ಥ ನೋಡದೆಯೇ ಬಿಡಿಸಬಹುದು, ಆದರೂ ಜಾಸ್ತಿ ಜನ ಬೀಳುವ ಹಳ್ಳ ಇದೇ. ಖಾಲಿ ಜಾಗದ ನಂತರ ‘ದ ಹೆವಿ ರೇನ್ ದಟ್ ಫಾಲೋಡ್’ ಅಂತಿದೆ. ‘ಫಾಲೋಡ್’ ಕ್ರಿಯಾಪದ ತಾನೇ, ಹಾಗಾಗಿ ‘ಬಂದರೂ’ ಮನೆ, ಆದ್ದರಿಂದ ‘ಆಲ್ದೋ’ ಅಂತ ಬೆರಳು ಹೋಗುತ್ತದೆ. ಸ್ವಲ್ಪ ನಿಲ್ಲಿ. ‘ದಟ್ ಫಾಲೋಡ್’ ಅನ್ನುವುದನ್ನು ಕನ್ನಡದಲ್ಲಿ ಹೇಳಿ ನೋಡಿ: ‘ಆಮೇಲೆ ಬಂದ ಜೋರು ಮಳೆ’. ‘ಬಂದ’ ಅನ್ನುವುದು ಇಲ್ಲಿ ಮಳೆಗೆ ಅಂಟಿದ ವಿಶೇಷಣ. ಮಳೆ ಏನು ಮಾಡಿತು ಅಂತ ಹೇಳುವ ಕ್ರಿಯಾಪದ ಇನ್ನೂ ಬಂದೇ ಇಲ್ಲ, ಅಷ್ಟರಲ್ಲಿ ಕಾಮಾ ಬಿತ್ತು. ಅಂದರೆ ಇದು ಎಷ್ಟೇ ಉದ್ದ ಇದ್ದರೂ ಬರೀ ನಾಮಪದದ ಗುಂಪು. ‘ಮಳೆಯ ನಡುವೆಯೂ’ ಮನೆ. ‘ಆಲ್ದೋ’, ‘ಬಿಕಾಸ್’, ‘ಅನ್‌ಲೆಸ್’ ಮೂರೂ ಹೊರಗೆ. ‘ಹೌಎವರ್’ ಬರಬೇಕಾದರೆ ಪಕ್ಕದಲ್ಲೇ ಕಾಮಾ ಬೇಕಿತ್ತು, ಇಲ್ಲ. ಉಳಿದದ್ದು ‘ಡಿಸ್ಪೈಟ್’ ಒಂದೇ.

ಪರೀಕ್ಷೆ ಮಾಡುವ ಸುಲಭ ದಾರಿ: ‘ದಟ್’, ‘ವಿಚ್’, ‘ಹೂ’ ಇಂದ ಶುರುವಾದ ತುಂಡನ್ನು ತೆಗೆದುಹಾಕಿ. ಕಾಮಾ ತನಕ ಉಳಿದದ್ದರಲ್ಲಿ ಕ್ರಿಯಾಪದ ಇದ್ದರೆ ‘ಆಲ್ದೋ’, ಇಲ್ಲದಿದ್ದರೆ ‘ಡಿಸ್ಪೈಟ್’. ಇದರ ಮುಂದಿನ ಮೆಟ್ಟಿಲು ‘ಡಿಸ್ಪೈಟ್ ದ ಫ್ಯಾಕ್ಟ್ ದಟ್’. ಅದರ ನಂತರ ಪೂರ್ತಿ ವಾಕ್ಯ ಬರುತ್ತದೆ, ಆದರೆ ‘ಡಿಸ್ಪೈಟ್’ ಹಿಡಿದುಕೊಂಡಿರುವುದು ‘ಫ್ಯಾಕ್ಟ್’ ಅನ್ನುವ ನಾಮಪದವನ್ನು. ಹಾಗೇ ‘ಡಿಸ್ಪೈಟ್’ ನಂತರ ‘ಆಫ್’ ಬರುವುದಿಲ್ಲ, ‘ಇನ್ ಸ್ಪೈಟ್’ ನಂತರ ಬರಲೇಬೇಕು. ಖಾಲಿ ಜಾಗದ ಪಕ್ಕ ‘ಆಫ್’ ಕಂಡರೆ ಅದೊಂದೇ ನಿಮಗೆ ಉತ್ತರ ಕೊಟ್ಟುಬಿಡಬಹುದು.

ನಾಲ್ಕನೆಯದಕ್ಕೆ ಯಜಮಾನ ‘ಫೆಲ್’. ಅದು ‘ಬೈ’ ಕೂಡ ತೆಗೆದುಕೊಳ್ಳುತ್ತದೆ, ‘ಟು’ ಕೂಡ ತೆಗೆದುಕೊಳ್ಳುತ್ತದೆ. ‘ಬೈ’ ಅಂದರೆ ಎಷ್ಟು ಇಳಿಯಿತು. ‘ಟು’ ಅಂದರೆ ಎಲ್ಲಿಗೆ ಇಳಿಯಿತು. ‘ಬೆಲೆ 40 ರೂಪಾಯಿ ಇಳಿಯಿತು’ ಮತ್ತು ‘ಬೆಲೆ 40 ರೂಪಾಯಿಗೆ ಇಳಿಯಿತು’ ಇವುಗಳ ನಡುವೆ ಇರುವ ವ್ಯತ್ಯಾಸ ಇದೇ. ವಾಕ್ಯದ ಕೊನೆಗೆ 640ರಿಂದ 600 ಅಂತ ಹೇಳಿದ್ದಾರೆ, ಅಂದರೆ 40 ಅನ್ನುವುದು ಇಳಿದ ಅಳತೆ. ಉತ್ತರ ‘ಬೈ’. ಆತುರದಲ್ಲಿ ‘ಕಿಲೋ’ ತನಕ ಓದಿ ಉತ್ತರ ಒತ್ತಿದವರಿಗೆ ಈ ಸುಳಿವು ಸಿಗುವುದೇ ಇಲ್ಲ. ಬ್ಯಾಂಕ್ ಪರೀಕ್ಷೆಗಳ ಪ್ಯಾಸೇಜಲ್ಲಿ ಬೆಲೆ, ಬಡ್ಡಿ, ಶೇಕಡಾ ಜಾಸ್ತಿ ಬರುತ್ತವೆ. ಆದ್ದರಿಂದ ಈ ‘ಬೈ’ ಮತ್ತು ‘ಟು’ ಜೋಡಿಯನ್ನು ಚೆನ್ನಾಗಿ ಹಿಡಿದುಕೊಳ್ಳಿ.

ಎರಡನೆಯದು. ಖಾಲಿ ಜಾಗದ ನಂತರ ‘ದ ಕ್ರಾಪ್ ವಾಸ್ ಪೂರ್’, ಇಲ್ಲಿ ‘ವಾಸ್’ ಇದೆ, ಕ್ರಿಯಾಪದದ ಮನೆ. ‘ಡಿಸ್ಪೈಟ್’ ಹೋಯಿತು. ‘ಸೋ’ ಹಾಕಿದರೆ ಬೆಳೆ ಕಡಿಮೆ ಆದದ್ದು ಹಿಂದಿನ ವಾಕ್ಯದ ಫಲ ಅಂತ ಆಗುತ್ತದೆ, ಲಾರಿಗೆ ಕಾದದ್ದಕ್ಕೂ ಬೆಳೆಗೂ ಸಂಬಂಧವೇ ಇಲ್ಲ. ಉಳಿದವು ‘ಆಲ್ದೋ’, ‘ಬಿಕಾಸ್’, ‘ಅನ್‌ಲೆಸ್’. ಈಗ ದಿಕ್ಕು. ಬೆಳೆ ಕಡಿಮೆ ಅಂದರೆ ದುಡ್ಡು ತಡ ಆಗುತ್ತದೆ ಅಂತ ನಿರೀಕ್ಷೆ. ಆದದ್ದು ಉಲ್ಟಾ, ಸಮಯಕ್ಕೆ ಸರಿಯಾಗಿ ಕೊಟ್ಟರು. ಉತ್ತರ ‘ಆಲ್ದೋ’.

ಐದನೆಯದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಖಾಲಿ ಜಾಗದ ಪಕ್ಕ ಕಾಮಾ ಇದೆ, ಹಾಗಾಗಿ ‘ಆಲ್ದೋ’, ‘ಅನ್‌ಲೆಸ್’ ತಕ್ಷಣ ಹೊರಗೆ. ‘ಮೋರ್‌ಓವರ್’, ‘ದೇರ್‌ಫೋರ್’, ‘ನೆವರ್‌ದಲೆಸ್’ ಉಳಿದವು. ಕೆಲವು ನೋಟ್ಸಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ: ಎರಡೂ ವಾಕ್ಯಕ್ಕೆ ಪ್ಲಸ್ ಅಥವಾ ಮೈನಸ್ ಗುರುತು ಹಾಕಿ, ಎರಡೂ ಒಂದೇ ಆದರೆ ‘ಮೋರ್‌ಓವರ್’. ಇಲ್ಲಿ ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ಬೆಲೆ ಬಿತ್ತು, ಮೈನಸ್. ‘ನೋ ಮೆಂಬರ್ ಲೆಫ್ಟ್’ ಅನ್ನುವುದರಲ್ಲಿ ‘ನೋ’ ಇದೆ, ‘ಲೆಫ್ಟ್’ ಕೂಡ ಬಿಟ್ಟು ಹೋಗುವ ಮಾತು, ಅದೂ ಮೈನಸ್ ಅಂತ ಕಾಣುತ್ತದೆ. ಎರಡೂ ಮೈನಸ್, ಆದ್ದರಿಂದ ‘ಮೋರ್‌ಓವರ್’. ತಪ್ಪು. ಯಾರೂ ಬಿಟ್ಟು ಹೋಗಲಿಲ್ಲ ಅನ್ನುವುದು ಸಂಘಕ್ಕೆ ಒಳ್ಳೆಯ ಸುದ್ದಿ. ಗುರುತು ಹಾಕಬೇಕಾದ್ದು ಪದಕ್ಕಲ್ಲ, ಸುದ್ದಿಗೆ. ಬೆಲೆ ಬಿದ್ದರೆ ಜನ ಬಿಟ್ಟು ಹೋಗುತ್ತಾರೆ ಅಂತ ನಿರೀಕ್ಷೆ, ಆದರೂ ಹೋಗಲಿಲ್ಲ. ‘ನೆವರ್‌ದಲೆಸ್’.

ಕೊನೆಗೆ ತುಂಬಿದ್ದನ್ನು ಒಮ್ಮೆ ಪೂರ್ತಿ ಓದಿ. 2ರಿಂದ 6ರ ತನಕ ಕಥೆ ಒಂದೇ ಕಡೆ ಸಾಗುತ್ತಿದೆ: ಕಷ್ಟ ಬಂತು, ಸಂಘ ನಿಂತಿತು. ನಿಮ್ಮ ಉತ್ತರಗಳಲ್ಲಿ ಯಾವುದಾದರೂ ಒಂದು ಈ ಕಥೆಗೆ ಅಡ್ಡ ಬಂದರೆ ಅದನ್ನು ಮತ್ತೆ ನೋಡಿ.

ಇನ್ನು ಖಾಲಿ ಜಾಗದಲ್ಲಿ ಕ್ರಿಯಾಪದವೇ ಬರಬೇಕಾದ ಪ್ರಶ್ನೆಗಳು. ಅಲ್ಲಿ ಪ್ರೆಪೊಸಿಷನ್ ನಿಮಗೆ ಪುಕ್ಕಟೆ ಸುಳಿವು. ಖಾಲಿ ಜಾಗದ ನಂತರ ‘ಅಬೌಟ್’ ಇದ್ದರೆ ‘ಡಿಸ್ಕಸ್ಡ್’ ಉತ್ತರ ಆಗಲಾರದು, ‘ಟಾಕ್ಡ್’ ಆಗಬಹುದು. ನಂತರ ನೇರವಾಗಿ ಊರಿನ ಹೆಸರಿದ್ದರೆ ‘ರೀಚ್ಡ್’, ನಡುವೆ ‘ಇನ್’ ಅಥವಾ ‘ಅಟ್’ ಇದ್ದರೆ ‘ಅರೈವ್ಡ್’. ಯಜಮಾನ ಗೊತ್ತಿದ್ದು ಪ್ರೆಪೊಸಿಷನ್ ಹುಡುಕುವುದು ಒಂದು ಪ್ರಶ್ನೆ, ಪ್ರೆಪೊಸಿಷನ್ ಗೊತ್ತಿದ್ದು ಯಜಮಾನನನ್ನು ಹುಡುಕುವುದು ಇನ್ನೊಂದು. ಜೋಡಿ ಗೊತ್ತಿದ್ದರೆ ಎರಡೂ ನಿಮ್ಮವೇ.

ಸಮಯ ಮತ್ತು ಮಾರ್ಕ್ಸ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಒಂದಕ್ಕೆ 40 ಸೆಕೆಂಡ್. ಪ್ರೆಪೊಸಿಷನ್ನಿಗೆ 15 ಸೆಕೆಂಡಿಗಿಂತ ಜಾಸ್ತಿ ಕೊಡಬೇಡಿ. ಯಜಮಾನನ ಜೋಡಿ ಗೊತ್ತಿದ್ದರೆ ಐದೇ ಸೆಕೆಂಡ್ ಸಾಕು, ಗೊತ್ತಿಲ್ಲದಿದ್ದರೆ ಒಂದು ನಿಮಿಷ ದಿಟ್ಟಿಸಿದರೂ ಹೊಳೆಯುವುದಿಲ್ಲ. ಉಳಿಸಿದ ಸಮಯವನ್ನು ಕನೆಕ್ಟರ್‌ಗೆ ಕೊಡಿ, ಅಲ್ಲಿ ಯೋಚನೆ ಮಾಡಿದರೆ ಉತ್ತರ ಸಿಗುತ್ತದೆ.

ಈ ಪ್ರಿಲಿಮ್ಸಲ್ಲಿ ಸರಿಗೆ 1 ಮಾರ್ಕ್, ತಪ್ಪಿಗೆ ಕಾಲು ಮಾರ್ಕ್ ಕಡಿತ, ಐದು ಆಪ್ಷನ್. ಸುಮ್ನೆ ಕಣ್ಣು ಮುಚ್ಚಿ ಐದು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಬಂದದ್ದು 1, ಹೋದದ್ದು 1, ಕೈಗೆ ಸೊನ್ನೆ. ಆದರೆ ಆಕಾರ ನೋಡಿ ಎರಡು ಆಪ್ಷನ್ ಹೊಡೆದುಹಾಕಿದ್ದೀರಿ ಅನ್ನಿ. ಉಳಿದ ಮೂರರಲ್ಲಿ ಆರಿಸಿದರೆ, ಅಂಥ ಮೂರು ಪ್ರಶ್ನೆಗೆ ಸರಾಸರಿ 1 ಬರುತ್ತದೆ, ಅರ್ಧ ಹೋಗುತ್ತದೆ. ಅರ್ಧ ಮಾರ್ಕ್ ಲಾಭ. ಹಾಗಾಗಿ ಕನೆಕ್ಟರ್ ಪ್ರಶ್ನೆಯನ್ನು ಆಕಾರ ನೋಡದೆ ಖಾಲಿ ಬಿಡಬೇಡಿ. ಯಜಮಾನನ ಗುರುತೇ ಇಲ್ಲದ, ಒಂದು ಆಪ್ಷನ್ನನ್ನೂ ಹೊಡೆದುಹಾಕಲಾಗದ ಪ್ರೆಪೊಸಿಷನ್ ಪ್ರಶ್ನೆಯನ್ನು ಬಿಡಿ.

ಆಪ್ಷನ್ ಹೊಡೆಯುವ ಇನ್ನೊಂದು ದಾರಿ ಇದೆ. ‘ಆಲ್ದೋ’ ಮತ್ತು ‘ಈವನ್ ದೋ’ ಎರಡೂ ಆಪ್ಷನ್ನಲ್ಲಿ ಇದ್ದರೆ, ಎರಡಕ್ಕೂ ಆಕಾರ ಒಂದೇ, ಅರ್ಥ ಬಹುಮಟ್ಟಿಗೆ ಒಂದೇ. ಒಂದು ಸರಿ ಆದರೆ ಇನ್ನೊಂದೂ ಸರಿ ಆಗಬೇಕು. ಹಾಗಾಗಿ ಸಾಮಾನ್ಯವಾಗಿ ಎರಡೂ ಉತ್ತರ ಅಲ್ಲ. ಇದನ್ನು ಬಳಸುವ ಮೊದಲು ಎರಡೂ ನಿಜವಾಗಿ ಅವಳಿಗಳೇ ಅಂತ ನೋಡಿ. ‘ಬಿಕಾಸ್’ ಮತ್ತು ‘ಬಿಕಾಸ್ ಆಫ್’ ನೋಡಲು ಅವಳಿ ಥರ ಇದ್ದರೂ ಮನೆ ಬೇರೆ ಬೇರೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ, ಬದಲಿಗೆ ಉತ್ತರ ಆ ಎರಡರಲ್ಲೇ ಇರುವ ಸಾಧ್ಯತೆ ಜಾಸ್ತಿ.

ನಿಮ್ಮ ರೂಲ್ಸ್ ಪಟ್ಟಿಯನ್ನು ಪಕ್ಕಕ್ಕಿಡಿ. ಒಂದು 100 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಯಜಮಾನನ ಮೊದಲ ಅಕ್ಷರ ಹಿಡಿದು ಪುಟ ಮಾಡಿ, ಡಿಕ್ಷನರಿ ಥರ. ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು: ಯಜಮಾನ, ಅವನ ಪ್ರೆಪೊಸಿಷನ್, ಆ ಪ್ಯಾಸೇಜಿನದೇ ನಾಲ್ಕೈದು ಪದದ ತುಂಡು, ಪಕ್ಕದಲ್ಲಿ ನೀವು ತಪ್ಪಾಗಿ ಒತ್ತಿದ್ದು. ನಿಮ್ಮ ತಪ್ಪು ಯಾವ ಕನ್ನಡ ವಿಭಕ್ತಿಯಿಂದ ಬಂತು ಅಂತಲೂ ಬರೆಯಿರಿ. ಒಂದು ಸಾಲು ಹೀಗಿರುತ್ತದೆ:

```
T | tired OF | tired of waiting | ✗ from | ಇಂದ
```

ಎರಡು ವಾರ ಆದಮೇಲೆ ಕೊನೆಯ ಕಾಲಂ ಮಾತ್ರ ಮೇಲಿಂದ ಕೆಳಗೆ ಓದಿ. ಹತ್ತು ಸಾಲಲ್ಲಿ ಆರು ‘ಇಂದ’ ಇದ್ದರೆ, ಮುಂದಿನ ವಾರ ‘ಇಂದ’ದ ಆರೇಳು ರೂಪಗಳನ್ನೇ ಅಭ್ಯಾಸ ಮಾಡಿ. ‘ಅಲ್ಲಿ’ ಜಾಸ್ತಿ ಇದ್ದರೆ ‘ಇನ್’, ‘ಆನ್’, ‘ಅಟ್’ ಕಡೆಗೆ ಹೋಗಿ. ಕೊನೆಯ ಕಾಲಂ ಖಾಲಿ ಇರುವ ಸಾಲುಗಳು ಕನ್ನಡದಿಂದ ಬಂದ ತಪ್ಪಲ್ಲ, ಆ ಜೋಡಿ ನಿಮಗೆ ಗೊತ್ತೇ ಇರಲಿಲ್ಲ ಅಂತ. ಅವುಗಳನ್ನು ಮಾತ್ರ ಬಾಯಿಪಾಠ ಮಾಡಿ, ಅದೂ ಜೋಡಿಯಾಗಿ, ಜೋರಾಗಿ ಹೇಳಿಕೊಂಡು.